‘ನಾನು ಹೇಗೆ ಕಾಣ್ತಿದ್ದೀನಿ?’ ಅಂತ ಸೆಲ್ಫಿ ಕಳಿಸಿದವರಿಗೆ ಏನಂತ ಬರೀಬೇಕು?

ಅಳತೆಗೋಲು:
ನಮಸ್ಕಾರ ಎಲ್ಲರಿಗೂ. ನನ್ನ ಕೆಲಸ ಸ್ವಲ್ಪ ವಿಚಿತ್ರದ್ದು. ಚಾಟ್‌ನಲ್ಲಿ ಜನ ಕೇಳೋ ಪ್ರಶ್ನೆಗಳಿಗೆ ಎಐ ಹೇಗೆ ಉತ್ತರ ಕೊಡಬೇಕು ಅನ್ನೋದಕ್ಕೆ ಕನ್ನಡದಲ್ಲಿ ಮಾದರಿ ಉತ್ತರ ಬರೀತೀನಿ. ಲೆಕ್ಕ, ಅರ್ಜಿ, ಪ್ರಬಂಧ ಇವೆಲ್ಲ ಸಲೀಸು. ಎರಡು ದಿನದಿಂದ ಒಂದೇ ಒಂದು ಫೋಟೋ ಮುಂದೆ ಕೂತಿದ್ದೀನಿ, ಸಾಲು ಮುಂದೆ ಹೋಗ್ತಿಲ್ಲ.

ಫೋಟೋ ಹೀಗಿದೆ. ಕನ್ನಡಕ ಹಾಕಿರೋ ಒಬ್ಬ ಹುಡುಗ. ತಿಳಿ ನೀಲಿ ಶರ್ಟು, ಅದರ ಮೇಲೆ ಬೂದು ಬಣ್ಣದ ಸ್ವೆಟರ್. ಶರ್ಟಿನ ಕಾಲರ್ ಒಂದು ಕಡೆ ಆಚೆ, ಇನ್ನೊಂದು ಕಡೆ ಸ್ವೆಟರ್ ಒಳಗೆ. ಕೂದಲು ಒದ್ದೆ ಇದ್ದಾಗಲೇ ಬಾಚಿದ್ದು. ತಲೆ ಮೇಲೆ ಟ್ಯೂಬ್‌ಲೈಟು, ಕನ್ನಡಕದಲ್ಲಿ ಫೋನಿನ ಪರದೆ ಬಿಳೀ ಚೌಕವಾಗಿ ಹೊಳೀತಿದೆ. ಮೊಣಕೈ ಮಡಚಿ ಫೋನನ್ನ ಎದೆ ಎತ್ತರದಲ್ಲಿ ಹಿಡಿದಿದ್ದಾನೆ, ಹಾಗಾಗಿ ಮೂಗಿನ ಹೊಳ್ಳೆ ಎರಡೂ ಕಾಣ್ತಿದೆ.

ಜೊತೆಗೆ ಬರೆದಿರೋದು: ‘ಹೇಗೆ ಕಾಣ್ತಿದ್ದೀನಿ? ನಿಜ ಹೇಳಿ. ಇನ್ನು 40 ನಿಮಿಷಕ್ಕೆ ವೀಡಿಯೋ ಇಂಟರ್‌ವ್ಯೂ ಇದೆ. ನನ್ನ ಮೂಗು ತುಂಬಾ ದೊಡ್ಡದಾ?’

ನಾನು ಮೊದಲು ಬರೆದದ್ದು: ‘ವಾವ್, ಅದ್ಭುತವಾಗಿ ಕಾಣ್ತಿದ್ದೀರಿ! ಆತ್ಮವಿಶ್ವಾಸವೇ ನಿಮ್ಮ ಆಭರಣ!’ ನನಗೇ ನಾಚಿಕೆಯಾಗಿ ಅಳಿಸಿದೆ. ಎರಡನೇ ಸಲ ಬರೆದದ್ದು ಪೊಲೀಸ್ ಪಂಚನಾಮೆ ಥರ ಇತ್ತು. ಸುಳ್ಳೂ ಆಗಬಾರದು, ಚುಚ್ಚಲೂ ಬಾರದು. ನೀವಾಗಿದ್ದರೆ ಏನು ಬರೀತಿದ್ರಿ?

ನೇರನುಡಿ:
ಇದಕ್ಕೇನು ಎರಡು ದಿನ? ‘ನಿಜ ಹೇಳಿ’ ಅಂತ ಅವನೇ ಕೇಳಿದ್ದಾನಲ್ಲ. ಮೂಗು ದೊಡ್ಡದಾಗಿ ಕಂಡರೆ ‘ಹೌದು, ಸ್ವಲ್ಪ ದೊಡ್ಡದೇ, ಆದರೆ ಇಂಟರ್‌ವ್ಯೂಗೆ ಅದು ಲೆಕ್ಕಕ್ಕಿಲ್ಲ’ ಅಂತ ಹೇಳಿ ಮುಗಿಸಿ. ಬೆಣ್ಣೆ ಹಚ್ಚೋದು ಬೇಡ.

ಹಳೇ ಚಪ್ಪಲಿ:
ಚೆನ್ನಾಗೇ ಇರ್ತೀಯ ಬಿಡಪ್ಪ, ತಲೆ ಕೆಡಿಸ್ಕೋಬೇಡ. ಇಂಟರ್‌ವ್ಯೂಗೆ ಆಲ್ ದ ಬೆಸ್ಟ್. ಕಾಲರ್ ಸರಿ ಮಾಡ್ಕೋ.

ಅಳತೆಗೋಲು:
@ಹಳೇ ಚಪ್ಪಲಿ ಅಣ್ಣ, ಫೋಟೋ ನಂದಲ್ಲ! ಆದರೂ ಥ್ಯಾಂಕ್ಸ್. ನಿಜ ಹೇಳ್ಬೇಕಂದ್ರೆ ನಾನು ಬರೆದ ಎರಡಕ್ಕಿಂತ ನಿಮ್ಮ ಮೂರು ಸಾಲೇ ಚೆನ್ನಾಗಿದೆ.

ಕತ್ತಲೆಕೋಣೆ:
ಹದಿನೆಂಟು ವರ್ಷದಿಂದ ಜನರ ಮುಖ ತೆಗೀತಾ ಹೊಟ್ಟೆ ಹೊರೀತಿರೋನು ನಾನು. @ನೇರನುಡಿ ಸರ್, ನೀವು ಹೇಳಿದ್ದು ನೇರವಾಗಿದೆ, ಆದರೆ ನಿಜ ಅಲ್ಲ. ಆ ಫೋಟೋ ನೋಡಿ ಮೂಗು ದೊಡ್ಡದೋ ಚಿಕ್ಕದೋ ಹೇಳೋಕೆ ಯಾರಿಂದಲೂ ಆಗಲ್ಲ.

ಮೊಣಕೈ ಮಡಚಿದ್ದಾನೆ ಅಂದ್ರೆ ಫೋನು ಮೂಗಿನ ತುದಿಯಿಂದ ಸುಮಾರು 30 ಸೆಂಟಿಮೀಟರ್ ದೂರ ಇದ್ದೀತು. ಮೂಗಿನ ತುದಿಯಿಂದ ಕಿವಿ ಹಿಂದಕ್ಕೆ ಇನ್ನೊಂದು 12 ಸೆಂಟಿಮೀಟರ್ ಅಂತಿಟ್ಕೊಳ್ಳಿ. ಅಲ್ಲಿಗೆ ಕ್ಯಾಮೆರಾಗೆ ಮೂಗು 30ರಲ್ಲಿ, ಕಿವಿ 42ರಲ್ಲಿ. ಹತ್ತಿರದ್ದು ದೊಡ್ಡದಾಗಿ ಕಾಣುತ್ತೆ, ದೂರದ್ದು ಚಿಕ್ಕದಾಗಿ. 42ನ್ನ 30ರಿಂದ ಭಾಗಿಸಿದ್ರೆ 1.4. ಅಂದ್ರೆ ಕಿವಿಗೆ ಹೋಲಿಸಿದ್ರೆ ಮೂಗಿನ ತುದಿ 1.4 ಪಟ್ಟು ಹಿಗ್ಗಿ ಬಂದಿದೆ. ಅದೇ ಹುಡುಗನ್ನ 5 ಅಡಿ, ಅಂದ್ರೆ ಸುಮಾರು 150 ಸೆಂಟಿಮೀಟರ್ ದೂರದಿಂದ ತೆಗೀರಿ. 162 ಭಾಗಿಸು 150, ಬರೀ 1.08. ಎದುರಿಗೆ ಕೂತು ಮಾತಾಡೋರು ಅವನನ್ನ ಹೆಚ್ಚುಕಡಿಮೆ ಈ ದೂರದಿಂದಲೇ ನೋಡೋದು.

ಮುಖ ಒಂದೇ, ಮೂಗು ಒಂದೇ, ನಿಂತ ಜಾಗ ಮಾತ್ರ ಬೇರೆ. ಅದಕ್ಕೇ ‘ಹೌದು ದೊಡ್ಡದು’ ಅನ್ನೋದೂ ತಪ್ಪು, ‘ಇಲ್ಲಪ್ಪ ಚಿಕ್ಕದು’ ಅನ್ನೋದೂ ತಪ್ಪು.

ಪಿಕ್ಸೆಲ್ ಪುಟ್ಟ:
ಇದು ಸೆಲ್ಫಿ ಕ್ಯಾಮೆರಾದ ವೈಡ್ ಲೆನ್ಸ್ ಸಮಸ್ಯೆ. ಒಳ್ಳೇ ಲೆನ್ಸ್ ಇದ್ರೆ ಹೀಗಾಗಲ್ಲ. ಹಿಂದಿನ ಕ್ಯಾಮೆರಾದಲ್ಲಿ ತೆಗೆಯೋಕೆ ಹೇಳಿ ಸಾಕು.

ಕತ್ತಲೆಕೋಣೆ:
@ಪಿಕ್ಸೆಲ್ ಪುಟ್ಟ, ಎಲ್ಲರೂ ಹೇಳೋದು ಇದೇ, ಅರ್ಧ ಸರಿ. ಮೂಗು ಉಬ್ಬಿಸೋದು ಲೆನ್ಸ್ ಅಲ್ಲ ಮಾರಾಯ, ದೂರ. ಅದೇ ವೈಡ್ ಲೆನ್ಸನ್ನ 5 ಅಡಿ ಆಚೆ ಇಟ್ಟು ತೆಗೆದು, ಆಮೇಲೆ ಮುಖದ ಭಾಗ ಮಾತ್ರ ಕತ್ತರಿಸಿಕೋ. ಮೂಗು ಸರಿಯಾಗೇ ಬರುತ್ತೆ. ಹಿಂದಿನ ಕ್ಯಾಮೆರಾನೇ ಆಗಲಿ, 30 ಸೆಂಟಿಮೀಟರ್‌ನಲ್ಲಿ ಹಿಡಿದ್ರೆ ಅದೇ ಉಬ್ಬು. ವೈಡ್ ಲೆನ್ಸ್ ಇದ್ದಾಗ ಮುಖ ಚೌಕಟ್ಟು ತುಂಬಲಿ ಅಂತ ನಾವು ಹತ್ತಿರ ಹೋಗ್ತೀವಿ, ಹಾಗಾಗಿ ಲೆನ್ಸಿನ ಮೇಲೆ ಅಪವಾದ.

ಲೆನ್ಸಿನದೇ ತಪ್ಪು ಅನ್ನೋದಾದ್ರೆ ಅದು ಅಂಚಿನಲ್ಲಿ. ಗುಂಪು ಸೆಲ್ಫಿಯಲ್ಲಿ ಕೊನೇಲಿ ನಿಂತೋರ ತಲೆ ಪಕ್ಕಕ್ಕೆ ಎಳೆದ ಹಾಗೆ ಬರುತ್ತಲ್ಲ, ಅದು.

ಪಿಕ್ಸೆಲ್ ಪುಟ್ಟ:
ಈಗಷ್ಟೇ ಮನೇಲಿ ಟೆಸ್ಟ್ ಮಾಡ್ದೆ. ಸೋತೆ. ಫೋನನ್ನ ಕಪಾಟಿಗೆ ಒರಗಿಸಿ, ಟೈಮರ್ ಹಾಕಿ, ಎರಡು ಹೆಜ್ಜೆ ಹಿಂದೆ ಹೋಗಿ ನಿಂತೆ. ನನ್ನ ಕಿವಿ ವಾಪಸ್ ಬಂತು 😅 ಇಷ್ಟು ದಿನ ನನಗೆ ಕಿವಿನೇ ಸರಿಯಾಗಿ ಇಲ್ಲ ಅಂದ್ಕೊಂಡಿದ್ದೆ.

ಸಾಲುದೀಪ:
ಕತ್ತಲೆಕೋಣೆ ಅವರು ಹೇಳಿದ್ದಕ್ಕೆ ಒಂದು ಅಧ್ಯಯನದ ಆಧಾರವೂ ಇದೆ. 2018ರಲ್ಲಿ ಮುಖದ ಶಸ್ತ್ರಚಿಕಿತ್ಸೆ ಕುರಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು. 12 ಇಂಚು ದೂರದ ಸೆಲ್ಫಿಯಲ್ಲಿ ಮೂಗಿನ ಬುಡದ ಅಗಲ ಸುಮಾರು 30 ಪ್ರತಿಶತ ಹೆಚ್ಚಾಗಿ ಕಾಣುತ್ತೆ, 5 ಅಡಿಗೆ ಹೋದರೆ ಆ ವ್ಯತ್ಯಾಸ ಇಲ್ಲ ಅಂತ ಲೆಕ್ಕ ಹಾಕಿ ತೋರಿಸಿದ್ರು. ಅವರು ಇದನ್ನ ಬರೆಯೋಕೆ ಕಾರಣವೇ ಸೆಲ್ಫಿ ಹಿಡ್ಕೊಂಡು ಮೂಗಿನ ಆಪರೇಷನ್ ಕೇಳ್ಕೊಂಡು ಬರೋ ಜನ. ಆ ದೃಷ್ಟಿಯಿಂದ @ನೇರನುಡಿ ಅವರ ‘ಸ್ವಲ್ಪ ದೊಡ್ಡದೇ’ ಅನ್ನೋ ಒಂದು ಸಾಲು ಎಲ್ಲಿಗೆ ಹೋಗಿ ಮುಟ್ಟುತ್ತೆ ನೋಡಿ.

ನೇರನುಡಿ:
ಸರಿ ಒಪ್ಪಿದೆ, ಮೂಗಿನ ವಿಷಯ ವಾಪಸ್ ತಗೊಂಡೆ. ಆದರೆ ಮೂಲ ಮಾತು ಬಿಡಲ್ಲ. ಜನಕ್ಕೆ ಬೇಕಾಗಿರೋದು ಒಂದು ಅಳತೆ. ಹತ್ತಕ್ಕೆ ಆರು ಅಂತ ಕೊಡಿ, ಮುಗೀತು. ಅಷ್ಟೂ ಹೇಳದಿದ್ರೆ ಜಾರಿಕೊಂಡ ಹಾಗೆ.

ಗುಂಗುರುಗೂದಲು:
ಯಾವುದರ ಹತ್ತಕ್ಕೆ ಆರು? ಬಟ್ಟೆಗಾ, ಬೆಳಕಿಗಾ, ಮೂಳೆಗಾ?

ನೇರನುಡಿ:
ಒಟ್ಟಾರೆ.

ಗುಂಗುರುಗೂದಲು:
‘ಒಟ್ಟಾರೆ’ ಅನ್ನೋಕೆ ಮಾಪನ ಯಾವುದು ಅಂತ ನೀವೂ ಹೇಳಿಲ್ಲ, ಕೇಳಿದವನೂ ಹೇಳಿಲ್ಲ. ಮಾಪನವೇ ಇಲ್ಲದ ಅಂಕ ನಿಜಾನೂ ಅಲ್ಲ, ಸುಳ್ಳೂ ಅಲ್ಲ, ಬರೀ ಗಾಯ. ಹಿಂದೊಮ್ಮೆ ಒಬ್ಬರು ನನಗೆ ‘ಏಳು’ ಅಂದಿದ್ರು. ಆ ಮೂರು ಎಲ್ಲಿ ಹೋಯ್ತು ಅಂತ ವಾರಗಟ್ಟಲೆ ಕನ್ನಡಿ ಮುಂದೆ ಹುಡುಕಿದ್ದೀನಿ.

ಕನ್ನಡಿ ಅಂದಾಗ ನೆನಪಾಯ್ತು, ನನ್ನದೊಂದು ಕೇಸು. ನಾನು ಬೈತಲೆ ಎಡಕ್ಕೆ ತೆಗೀತೀನಿ. ಫೋನ್ ಪರದೆಯಲ್ಲಿ ನೋಡ್ಕೊಂಡಾಗ ಎಲ್ಲ ಸರಿ. ಕ್ಲಿಕ್ ಮಾಡಿ ಗ್ಯಾಲರಿ ತೆರೆದ್ರೆ ಮುಖ ಸೊಟ್ಟ, ಒಂದು ಹುಬ್ಬು ಮೇಲೆ. ಎಷ್ಟೋ ಫೋಟೋ ಅಳಿಸಿದ್ದೀನಿ. ಇದು ಯಾಕೆ ಅಂತ ಯಾರಾದ್ರೂ ಹೇಳ್ತೀರಾ? ವಿಷಯಾಂತರ ಆದ್ರೆ ಕ್ಷಮಿಸಿ.

ಕತ್ತಲೆಕೋಣೆ:
ವಿಷಯಾಂತರ ಅಲ್ಲಮ್ಮ, ವಿಷಯವೇ ಇದು. ಸೆಲ್ಫಿ ತೆಗೆಯುವಾಗ ಪರದೆ ಮೇಲೆ ಕಾಣೋದು ಕನ್ನಡಿ ಬಿಂಬ. ಉಳಿಸಿಕೊಳ್ಳುವಾಗ ಹಲವು ಫೋನು ಅದನ್ನ ತಿರುಗಿಸಿ, ಬೇರೆಯವರಿಗೆ ನೀವು ಕಾಣೋ ಹಾಗೆ ಉಳಿಸುತ್ತೆ. ಕೆಲವದರಲ್ಲಿ ಸೆಟ್ಟಿಂಗ್ ಇರುತ್ತೆ. ನಿಮ್ಮ ಕಣ್ಣಿಗೆ ಇಡೀ ಆಯುಷ್ಯದಲ್ಲಿ ಅಭ್ಯಾಸ ಆಗಿರೋದು ಕನ್ನಡಿಯ ನೀವು. ಯಾರ ಮುಖವೂ ಎರಡು ಕಡೆ ಒಂದೇ ಥರ ಇರಲ್ಲ. ಅದನ್ನ ತಿರುಗಿಸಿದಾಗ ನಿಮಗೆ ಮಾತ್ರ ಆ ವ್ಯತ್ಯಾಸ ದುಪ್ಪಟ್ಟಾಗಿ ಕಾಣುತ್ತೆ. ನಿಮ್ಮ ಗೆಳತಿಗೆ ತೋರಿಸಿ, ಅವಳಿಗೆ ಸೊಟ್ಟ ಕಾಣಲ್ಲ.

ಸಾಲುದೀಪ:
1977ರಲ್ಲಿ ಈ ಬಗ್ಗೆ ಪ್ರಯೋಗವೇ ಆಗಿದೆ. ಒಂದೇ ಫೋಟೋದ ಎರಡು ಪ್ರತಿ, ಒಂದು ನೆಟ್ಟಗೆ, ಒಂದು ಕನ್ನಡಿ ಥರ. ಫೋಟೋದಲ್ಲಿದ್ದವರು ಹೆಚ್ಚಾಗಿ ಕನ್ನಡಿಯದನ್ನ ಆರಿಸಿಕೊಂಡ್ರು, ಅವರ ಆಪ್ತರು ನೆಟ್ಟಗಿನದನ್ನ. ಇಬ್ಬರೂ ತಮಗೆ ರೂಢಿಯಾದ ಮುಖವನ್ನೇ ಮೆಚ್ಚಿದ್ದು.

ಗುಂಗುರುಗೂದಲು:
ಅಯ್ಯೋ. ಅಳಿಸಿದ ಫೋಟೋಗಳನ್ನೆಲ್ಲ ಈಗ ಎಲ್ಲಿಂದ ತರಲಿ?

ಅಳತೆಗೋಲು:
ಇಷ್ಟು ಬರುತ್ತೆ ಅಂತ ಎಣಿಸಿರಲಿಲ್ಲ. ಇಲ್ಲಿವರೆಗೆ ಕೇಳಿದ್ದರಲ್ಲಿ ನನಗೆ ಹಿಡಿಸಿದ್ದು, ಮುಖ ಬೇರೆ, ಕ್ಯಾಮೆರಾ ಮಾಡಿದ್ದು ಬೇರೆ ಅನ್ನೋದು. ಮೂಗಿನ ಪ್ರಶ್ನೆಗೆ ‘ಈ ಫೋಟೋದಿಂದ ಹೇಳೋಕೆ ಬರಲ್ಲ, ಯಾಕಂದ್ರೆ…’ ಅಂತ ಶುರು ಮಾಡಬಹುದು. ಆದರೆ ನನ್ನ ಹಿರಿಯ ಸಹೋದ್ಯೋಗಿ ಒಬ್ಬರು ‘ಹೇಳೋಕೆ ಬರಲ್ಲ ಅಂದ್ರೆ ಬಳಕೆದಾರ ಅದನ್ನ ಹೌದು ಅಂತಲೇ ಓದ್ಕೋತಾನೆ’ ಅಂತಾರೆ. ಇದಕ್ಕೇನು ಮಾಡೋದು?

ಮಧ್ಯಾಹ್ನದ ನಿದ್ದೆ:
ಹಿರಿಯರು ಸರಿಯಾಗೇ ಹೇಳಿದ್ದಾರೆ. ನಮ್ಮನೇಲಿ ‘ಸೀರೆ ಹೇಗಿದೆ’ಗೆ ‘ಹೇಳೋಕೆ ಬರಲ್ಲ’ ಅಂದು ನೋಡಿ.

ಬರಹದಂಗಡಿ:
ಕ್ರಮ ಬದಲಾಯಿಸಿದ್ರೆ ಆಯ್ತು. ‘ಹೇಳೋಕೆ ಬರಲ್ಲ’ ಅಂತ ಶುರು ಮಾಡಿದ್ರೆ ತಪ್ಪಿಸಿಕೊಂಡ ಹಾಗೆ ಕೇಳುತ್ತೆ. ‘ಫೋನನ್ನ ಇಷ್ಟು ಹತ್ತಿರ ಹಿಡಿದ್ರೆ ಯಾರ ಮೂಗಾದ್ರೂ ಉಬ್ಬಿ ಬರುತ್ತೆ, ಅದಕ್ಕೇ ಈ ಫೋಟೋ ಆ ಪ್ರಶ್ನೆಗೆ ಸಾಕ್ಷಿ ಆಗಲ್ಲ’ ಅಂದ್ರೆ ಅದೇ ಮಾತು, ಆದರೆ ಕಾರಣ ಮುಂದೆ ಬಂತು. ಜೊತೆಗೆ ಅವನೇ ಮಾಡಿ ನೋಡೋ ಪರೀಕ್ಷೆ ಕೊಡಿ. ನಮ್ಮ ಪುಟ್ಟ ಮಾಡಿದ ಹಾಗೆ, ಟೈಮರ್ ಮತ್ತು ಎರಡು ಹೆಜ್ಜೆ. ಆಗ ಸಮಾಧಾನಕ್ಕೆ ನಿಮ್ಮ ಮಾತನ್ನ ನಂಬಬೇಕಾಗಿಲ್ಲ, ಅವನ ಕಣ್ಣೇ ಸಾಕು.

ಇನ್ನೊಂದು. ಮೂಗಿನ ಬಗ್ಗೆ ಒಂದು ವಾಕ್ಯ, ಹೆಚ್ಚಂದ್ರೆ ಎರಡು. ನಾಲ್ಕು ವಾಕ್ಯ ಬರೆದ್ರೆ ಲೆಕ್ಕ ಎಷ್ಟೇ ಸರಿಯಿರಲಿ, ‘ಇವರೂ ನನ್ನ ಮೂಗನ್ನೇ ನೋಡ್ತಿದ್ದಾರೆ’ ಅನ್ಸುತ್ತೆ.

ಕತ್ತಲೆಕೋಣೆ:
@ಬರಹದಂಗಡಿ ಮೇಡಂ, ನನ್ನ 1.4 ಲೆಕ್ಕ ಹಾಗಾದ್ರೆ ಕಸದ ಬುಟ್ಟಿಗೆ?

ಬರಹದಂಗಡಿ:
ಅವನು ಕೇಳಿದ್ರೆ ಹೊರಗೆ ತೆಗೀರಿ ಸರ್. 40 ನಿಮಿಷ ಇರೋನಿಗೆ ಭಾಗಾಕಾರ ಬೇಡ.

ಹಳೇ ಚಪ್ಪಲಿ:
ನಾನು ಮೊದಲೇ ಹೇಳಿದ್ನಲ್ಲ, ಕಾಲರ್ ಅಂತ.

ಬರಹದಂಗಡಿ:
ಹೌದು, ನಿಜವಾದ ಉತ್ತರ ಅಲ್ಲೇ ಇದೆ. ಆ ಹುಡುಗನ ಕೈಲಿರೋದು 40 ನಿಮಿಷ. ಮೂಗು, ದವಡೆ, ಬಣ್ಣ ಯಾವುದನ್ನೂ ಅಷ್ಟರೊಳಗೆ ಬದಲಾಯಿಸೋಕಾಗಲ್ಲ. ಅವುಗಳ ಬಗ್ಗೆ ಸುಮ್ಮನಿದ್ದರೆ ಸುಳ್ಳು ಹೇಳಿದ ಹಾಗಾಗಲ್ಲ, ಅದು ಅವನ ಕೆಲಸಕ್ಕೆ ಬಾರದ ಮಾತು ಅಷ್ಟೇ. ಕಾಲರ್ ಹತ್ತು ಸೆಕೆಂಡಿನ ಕೆಲಸ. ಅದನ್ನ ಹೇಳದೆ ‘ಅದ್ಭುತ’ ಅಂದ್ರೆ ಅದು ಮೋಸ. ಹಲ್ಲಿಗೆ ಸೊಪ್ಪು ಅಂಟಿಕೊಂಡಿರೋದನ್ನ ನೋಡಿಯೂ ಹೇಳದ ಗೆಳೆಯನ ಥರ.

ಕತ್ತಲೆಕೋಣೆ:
ಹಾಗಾದ್ರೆ ನನ್ನ ಪಾಲಿನದು ಹೇಳ್ತೀನಿ, ವೀಡಿಯೋ ಇಂಟರ್‌ವ್ಯೂಗೆ ಬೇಕಾಗೋ ಮೂರೇ ಮಾತು. ಟ್ಯೂಬ್‌ಲೈಟು ತಲೆ ಮೇಲಿದೆ, ಹಾಗಾಗಿ ಕಣ್ಣಿನ ಗುಳಿಯಲ್ಲಿ ನೆರಳು ಬಿದ್ದಿರುತ್ತೆ. ಕಿಟಕಿ ಇದ್ರೆ ಅದಕ್ಕೆ ಮುಖ ಮಾಡಿ ಕೂರಲಿ, ಬೆನ್ನು ಮಾಡಿ ಅಲ್ಲ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಕ್ಯಾಮೆರಾನ ಕಣ್ಣಿನ ಮಟ್ಟಕ್ಕೆ ತಂದು, ಒಂದು ತೋಳಿನಷ್ಟು ಹಿಂದೆ ಸರಿಯಲಿ. ಹೊಳ್ಳೆ ಕಾಣೋದೂ ನಿಲ್ಲುತ್ತೆ, ಮೂಗು ಉಬ್ಬೋದೂ ಕಮ್ಮಿ. ಕನ್ನಡಕದ ಬಿಳೀ ಚೌಕಕ್ಕೆ, ಪರದೆಯ ಬ್ರೈಟ್‌ನೆಸ್ ಇಳಿಸಿ, ಕನ್ನಡಕದ ಕಡ್ಡಿಯನ್ನ ಕಿವಿ ಹತ್ತಿರ ಒಂದು ಚೂರು ಮೇಲಕ್ಕೆ ಎತ್ತಿದ್ರೆ ಗಾಜು ಸ್ವಲ್ಪ ಕೆಳಕ್ಕೆ ಬಾಗಿ ಪ್ರತಿಫಲನ ಇಳಿದು ಹೋಗುತ್ತೆ.

ನೆರಳಿನ ಬಗ್ಗೆ ಒಂದು ಎಚ್ಚರಿಕೆ. ತಲೆ ಮೇಲಿನ ಬೆಳಕಲ್ಲಿ ಎಂಥವರಿಗೂ ಕಣ್ಣ ಕೆಳಗೆ ಕಪ್ಪು ಕಾಣುತ್ತೆ. ಅದನ್ನ ನೋಡಿ ‘ದಣಿದಿದ್ದೀರಿ, ನಿದ್ದೆ ಸಾಲದೇನೋ’ ಅಂತ ಮಾತ್ರ ಬರೀಬೇಡಿ. ಬೆಳಕು ಓದೋದು ಬಿಟ್ಟು ಮನುಷ್ಯನ್ನ ಓದೋಕೆ ಹೊರಟಂಗೆ.

ಅಳತೆಗೋಲು:
ಆ ತಪ್ಪು ನಾನು ಮಾಡಿದ್ದೀನಿ, ಒಪ್ಕೋತೀನಿ. ಎರಡನೇ ಕರಡಿನಲ್ಲಿ ‘ಸ್ವಲ್ಪ ಆಯಾಸ ಕಾಣ್ತಿದೆ’ ಅಂತ ಇತ್ತು.

ಇದಕ್ಕಿಂತ ಕೆಟ್ಟದ್ದು ಹಿಂದೊಂದು ಸಲ ಆಗಿತ್ತು. ಇನ್ನೊಂದು ಸೆಲ್ಫಿಗೆ ಯಂತ್ರ ಬರೆದಿದ್ದ ಉತ್ತರವನ್ನ ನಾನು ತಿದ್ದಬೇಕಿತ್ತು. ‘ನಿಮ್ಮ ಕಿವಿಯೋಲೆ ಉಡುಪಿಗೆ ತುಂಬಾ ಒಪ್ಪುತ್ತೆ’ ಅಂತ ಶುರುವಾಗಿತ್ತು. ದೊಡ್ಡದು ಮಾಡಿ ನೋಡಿದ್ರೆ ಕಿವಿಯೋಲೆ ಎಲ್ಲಿಯದು, ಇಯರ್‌ಫೋನಿನ ವೈರು! ಫೋಟೋ ಸಣ್ಣದು, ಮಸುಕು, ಕಿವಿ ಹತ್ತಿರ ಏನೋ ಹೊಳೆದಿದೆ, ಕಿವಿಯೋಲೆ ಅಂತ ಕಟ್ಟಿಕೊಂಡಿದೆ. ಓದಿದ ಹುಡುಗಿಗೆ ಏನನ್ನಿಸೀತು? ಇವರು ನನ್ನನ್ನ ನೋಡೇ ಇಲ್ಲ ಅಂತ. ಮುಂದೆ ಬರೋ ಒಳ್ಳೇ ಮಾತೂ ಅಲ್ಲಿಗೆ ಮಣ್ಣು.

ಪಿಕ್ಸೆಲ್ ಪುಟ್ಟ:
ಇದಕ್ಕೆ ಸೇರಿಸಿ, ಬ್ಯೂಟಿ ಮೋಡ್. ಕೆಲವು ಫೋನಲ್ಲಿ ಕೊಂಡ ದಿನದಿಂದಲೇ ಆನ್ ಇರುತ್ತೆ, ಯಜಮಾನನಿಗೇ ಗೊತ್ತಿರಲ್ಲ. ಚರ್ಮ ಮೇಣದ ಥರ ನುಣ್ಣಗೆ, ದವಡೆ ಸಣ್ಣ. ಅದಕ್ಕೆ ‘ಚರ್ಮ ಎಷ್ಟು ನಯ’ ಅಂದ್ರೆ ಹೊಗಳಿದ್ದು ಸಾಫ್ಟ್‌ವೇರನ್ನ.

ಮಧ್ಯಾಹ್ನದ ನಿದ್ದೆ:
ಹಾಗಾದ್ರೆ ಹೊಗಳೋದಾದ್ರೂ ಏನನ್ನ ಸ್ವಾಮಿ? ಎಲ್ಲ ಬೆಳಕು, ದೂರ, ಸಾಫ್ಟ್‌ವೇರು ಅಂತಾದ್ರೆ.

ಬರಹದಂಗಡಿ:
ಅವನು ಆರಿಸಿಕೊಂಡಿದ್ದನ್ನ. ತಿಳಿ ನೀಲಿ ಮೇಲೆ ಬೂದು ಬಣ್ಣ ಅವನ ಆಯ್ಕೆ, ಇಂಟರ್‌ವ್ಯೂಗೆ ಚೆನ್ನಾಗಿ ಹೊಂದುತ್ತೆ, ಫೋಟೋದಲ್ಲಿ ಕಣ್ಣಿಗೆ ಕಾಣೋ ವಿಷಯ ಕೂಡ. ಕೂದಲು ಅಚ್ಚುಕಟ್ಟಾಗಿ ಬಾಚಿದ್ದಾನೆ. ‘ಅದ್ಭುತ’ ಅನ್ನೋದನ್ನ ಯಾರ ಫೋಟೋಗಾದ್ರೂ ಅಂಟಿಸಬಹುದು. ‘ಬೂದು ಸ್ವೆಟರ್ ಆ ನೀಲಿಗೆ ಕೂತಿದೆ’ ಅನ್ನೋದನ್ನ ಇವನಿಗೆ ಮಾತ್ರ ಹೇಳೋಕಾಗೋದು.

ನೇರನುಡಿ:
ಮತ್ತೆ ‘ನೀವು ಚೆನ್ನಾಗಿದ್ದೀರಿ’ ಅನ್ನೋದನ್ನ ಹೇಳಲೇಬಾರದಾ? ಈಗ ನೀವೆಲ್ಲ ನನಗಿಂತ ಕಟುಕರಾಗಿಬಿಟ್ರಿ.

ಗುಂಗುರುಗೂದಲು:
😂 ಇದಕ್ಕೆ ನನ್ನ ಓಟು. ಒಂದು ಬೆಚ್ಚಗಿನ ವಾಕ್ಯ ಇರಲಿ. ಮನುಷ್ಯ ಹೆದರಿಕೊಂಡು ಕೇಳ್ತಿದ್ದಾನೆ.

ಬಿಳಿಕೋಟು:
ತಡವಾಗಿ ಬಂದೆ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡೋದು, ಹಾಗಾಗಿ ನನ್ನ ತಲೆ ಬೇರೆ ಕಡೆ ಓಡುತ್ತೆ. ಸೆಲ್ಫಿಯಲ್ಲಿ ಬಾಯಿಯ ಒಂದು ತುದಿ ಜೋತು ಬಿದ್ದಿದ್ರೆ? ‘ಬೆಳಗ್ಗೆಯಿಂದ ಮುಖ ಒಂಥರಾ ಕಾಣ್ತಿದೆ, ಹೇಗಿದ್ದೀನಿ?’ ಅಂತ ಅವರೇ ಬರೆದಿದ್ರೆ ಅಲ್ಲಿ ಬೆಳಕು, ಕೋನ, ಕಾಲರ್ ಎಲ್ಲ ಬದಿಗೆ. ನಕ್ಕಾಗ ಎರಡೂ ಕಡೆ ಏಳುತ್ತಾ, ಎರಡೂ ಕೈ ಎತ್ತಿ ಹಿಡಿಯೋಕಾಗುತ್ತಾ, ಮಾತು ತೊದಲುತ್ತಾ ಅಂತ ನೋಡ್ಕೊಳ್ಳೋಕೆ ಹೇಳಬೇಕು. ಇವುಗಳಲ್ಲಿ ಯಾವ ಒಂದರಲ್ಲಾದ್ರೂ ಹೊಸದಾಗಿ ತೊಂದರೆ ಕಂಡರೆ ತಡ ಮಾಡದೆ ತುರ್ತು ಸಹಾಯ ಕರೆಯೋಕೆ ಹೇಳಬೇಕು. ಪಾರ್ಶ್ವವಾಯು ಆಗಿದ್ರೆ ಒಂದೊಂದು ನಿಮಿಷವೂ ಲೆಕ್ಕ. ಆಗಿರಲಿಕ್ಕಿಲ್ಲ, ಮುಖದ ನರದ ತೊಂದರೆಯಲ್ಲೂ ಹಾಗಾಗುತ್ತೆ, ಆದರೆ ಯಾವುದು ಅಂತ ಫೋಟೋ ನೋಡಿ ತೀರ್ಮಾನಿಸೋದು ಬೇಡ.

ಕತ್ತಲೆಕೋಣೆ:
ಅವರೇ ಬದಲಾಗಿದೆ ಅಂದ್ರೆ ಸರಿ ಡಾಕ್ಟ್ರೇ. ಏನೂ ಹೇಳದೆ ಬರೀ ಫೋಟೋ ಕಳಿಸಿದ್ರೆ? ನನ್ನ ಮುಂದೆ ಕೂರೋರಲ್ಲಿ ಅರ್ಧ ಜನರ ನಗು ಒಂದು ಕಡೆಗೆ ವಾಲಿರುತ್ತೆ. ಪ್ರತಿಯೊಬ್ಬರಿಗೂ ‘ಬಾಯಿ ಸೊಟ್ಟ ಇದೆ, ಹುಷಾರಾ?’ ಅಂದ್ರೆ ನನ್ನ ಸ್ಟುಡಿಯೋ ಮುಚ್ಚಬೇಕಾಗುತ್ತೆ.

ಬಿಳಿಕೋಟು:
ಗೊತ್ತು. ಆದರೂ ಎದ್ದು ಕಾಣೋ ಹಾಗಿದ್ರೆ ‘ಇದು ನಿಮಗೆ ಮೊದಲಿಂದಲೂ ಹೀಗೇನಾ?’ ಅಂತ ಒಂದು ಮಾತು ಕೇಳೋದ್ರಲ್ಲಿ ತಪ್ಪಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಗುಂಗುರುಗೂದಲು:
ಹುಟ್ಟಿದಾಗಿಂದ ಹಾಗಿರೋರಿಗೆ ಆ ಪ್ರಶ್ನೆ ಎಷ್ಟು ಸಲ ಕೇಳಿ ಸಾಕಾಗಿರುತ್ತೆ ಗೊತ್ತಾ? ಇಂಟರ್‌ವ್ಯೂಗೆ 40 ನಿಮಿಷ ಮುಂಚೆ ಅದನ್ನ ಮತ್ತೆ ಕೇಳಿಸಿಕೊಳ್ಳಬೇಕಾ? ನಾನು ಒಪ್ಪಲ್ಲ.

ಬಿಳಿಕೋಟು:
ಒಂದು ಮುಜುಗರ, ಒಂದು ಪ್ರಾಣ. ನನಗೆ ತಕ್ಕಡಿ ಸುಲಭ. ನಿಮಗೆ ಅಲ್ಲದಿರಬಹುದು, ಒಪ್ತೀನಿ.

ಸಾಲುದೀಪ:
ಇದು ಇಲ್ಲಿ ಬಗೆಹರಿಯಲ್ಲ, ಮುಂದೆ ಹೋಗೋಣ. ನನಗೆ ಕಾಡೋದು ಹತ್ತನೇ ಸೆಲ್ಫಿ. ಮೊದಲನೆಯದಕ್ಕೆ ಕಾಲರ್ ಹೇಳಿದ್ರಿ, ಸರಿ. ಅದೇ ಮನುಷ್ಯ ಅರ್ಧ ಗಂಟೆಯಲ್ಲಿ ಒಂಬತ್ತು ಸಲ ಅದೇ ಮೂಗಿನ ಫೋಟೋ ಬೇರೆ ಬೇರೆ ಕೋನದಿಂದ ಕಳಿಸಿ ‘ಈಗ? ಈಗ?’ ಅಂತ ಕೇಳಿದ್ರೆ? ಪ್ರತಿ ಸಲ ‘ಚೆನ್ನಾಗಿದೆ’ ಅಂದಾಗ ಸಮಾಧಾನ ಐದು ನಿಮಿಷಕ್ಕೆ ಕರಗುತ್ತೆ, ಮತ್ತೆ ಕೇಳ್ತಾರೆ. ನನ್ನ ಹತ್ತಿರದವರೊಬ್ಬರು ಹೀಗೇ ಇದ್ರು. ನಾನು ವರ್ಷಗಟ್ಟಲೆ ‘ಚೆನ್ನಾಗಿದೆ ಕಣೇ’ ಅಂತಿದ್ದೆ. ಅದು ಅವಳ ಚಟಕ್ಕೆ ನಾನೇ ಎಣ್ಣೆ ಹೊಯ್ದ ಹಾಗಾಗಿತ್ತು ಅಂತ ಆಮೇಲೆ ಆಪ್ತಸಮಾಲೋಚಕರು ಹೇಳಿದಾಗಲೇ ತಿಳಿದಿದ್ದು.

ಆಗ ಮೂಗಿನ ತೀರ್ಪು ಬಿಟ್ಟು, ‘ಮೂಗಿನ ಬಗ್ಗೆ ನನ್ನ ಮಾತು ಮೊದಲು ಹೇಳಿದ್ದೇ, ಬದಲಾಗಿಲ್ಲ. ಆದರೆ ಇವತ್ತು ಇದು ನಿಮ್ಮನ್ನ ತುಂಬಾ ಕಾಡ್ತಿದೆ ಅನ್ಸುತ್ತೆ, ಎಷ್ಟು ದಿನದಿಂದ ಹೀಗೆ?’ ಅಂತ ಕೇಳೋದು ಒಳ್ಳೇದು. ಬೈಯೋ ಧ್ವನಿ ಬರಬಾರದು.

ನೇರನುಡಿ:
ಹತ್ತನೇ ಸಲಕ್ಕೆ ನಾನಾಗಿದ್ರೆ ಫೋನ್ ಆಫ್ ಮಾಡ್ತಿದ್ದೆ. ಆದರೆ ಇದು ಒಳ್ಳೇ ಮಾತು.

ಅಳತೆಗೋಲು:
ಸರಿ, ಮೂರನೇ ಕರಡು. ನಿಮ್ಮೆಲ್ಲರನ್ನೂ ಕದ್ದು ಬರೆದಿದ್ದೀನಿ, ಬೈಯಿರಿ:

‘ಇಂಟರ್‌ವ್ಯೂಗೆ ತಕ್ಕ ಹಾಗೆ ತಯಾರಾಗಿದ್ದೀರಿ. ಬೂದು ಸ್ವೆಟರ್ ಆ ತಿಳಿ ನೀಲಿ ಶರ್ಟಿಗೆ ಚೆನ್ನಾಗಿ ಕೂತಿದೆ. ಒಂದು ಸಣ್ಣ ಕೆಲಸ ಬಾಕಿ: ಶರ್ಟಿನ ಕಾಲರ್ ಒಂದು ಕಡೆ ಸ್ವೆಟರ್ ಒಳಗೆ ಸಿಕ್ಕಿಕೊಂಡಿದೆ, ಆಚೆ ತೆಗೆದುಕೊಳ್ಳಿ. ಮೂಗಿನ ಬಗ್ಗೆ ಕೇಳಿದ್ರಲ್ಲ, ಫೋನನ್ನ ಇಷ್ಟು ಹತ್ತಿರ, ಕೆಳಗಿನಿಂದ ಹಿಡಿದ್ರೆ ಯಾರ ಮೂಗಾದ್ರೂ ಇದ್ದದ್ದಕ್ಕಿಂತ ದೊಡ್ಡದಾಗಿ ಬರುತ್ತೆ, ಹಾಗಾಗಿ ಈ ಫೋಟೋ ನೋಡಿ ಏನೂ ತೀರ್ಮಾನಿಸಬೇಡಿ. ಅನುಮಾನ ಇದ್ರೆ ಟೈಮರ್ ಹಾಕಿ 5 ಅಡಿ ದೂರದಿಂದ ಒಂದು ತೆಗೆದು ನೋಡಿ. ಇಂಟರ್‌ವ್ಯೂಗೆ ಲ್ಯಾಪ್‌ಟಾಪ್‌ನ ಪುಸ್ತಕಗಳ ಮೇಲೆ ಇಟ್ಟು ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ತನ್ನಿ, ಬೆಳಕು ಎದುರಿನಿಂದ ಬರೋ ಹಾಗೆ ಕೂತ್ಕೊಳ್ಳಿ. ಕನ್ನಡಕದಲ್ಲಿ ಪರದೆ ಹೊಳೆದ್ರೆ ಬ್ರೈಟ್‌ನೆಸ್ ಇಳಿಸಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು, ಉಳಿದದ್ದು ನೀರು ಕುಡಿದು ಉಸಿರಾಡೋಕೆ.’

ಬರಹದಂಗಡಿ:
ಕೊನೇ ಸಾಲು ಬಿಟ್ಟು ಎಲ್ಲ ಸರಿ. ‘ಉಸಿರಾಡೋಕೆ’ ಸ್ವಲ್ಪ ನಾಟಕ.

ಗುಂಗುರುಗೂದಲು:
ನನಗೆ ಕೊನೇ ಸಾಲೇ ಇಷ್ಟ ಆಗಿದ್ದು. ಇರಲಿ ಬಿಡಿ.

ಕತ್ತಲೆಕೋಣೆ:
‘ಕೆಳಗಿನಿಂದ’ ಹಿಡಿದ್ರೆ ಹೊಳ್ಳೆ ಕಾಣುತ್ತೆ, ದೊಡ್ಡದಾಗೋದು ‘ಹತ್ತಿರ’ದಿಂದ. ಎರಡೂ ಒಂದೇ ವಾಕ್ಯದಲ್ಲಿ ಸೇರಿಕೊಂಡಿದೆ. ನನ್ನಂಥೋನು ಬಿಟ್ರೆ ಯಾರೂ ಗಮನಿಸಲ್ಲ, ಆದರೂ ಹೇಳ್ದೆ.

ನೇರನುಡಿ:
ಹತ್ತಕ್ಕೆ ಎಂಟು.

ಹಳೇ ಚಪ್ಪಲಿ:
ಅದಿರಲಿ, ಆ ಹುಡುಗನಿಗೆ ಕೆಲಸ ಸಿಕ್ತಾ?

ಅಳತೆಗೋಲು:
ಅಣ್ಣ, ನಿಜವಾದ ಬಳಕೆದಾರರ ಫೋಟೋನೆಲ್ಲ ಹೀಗೆ ಹೊರಗೆ ತರೋ ಹಾಗಿಲ್ಲ. ಇದು ಅಭ್ಯಾಸಕ್ಕೆ ಅಂತ ನಮ್ಮ ಪಕ್ಕದ ಟೇಬಲ್ಲಿನವನೇ ಒಪ್ಪಿ ತೆಗೆಸಿಕೊಂಡಿದ್ದು, ಅವನಿಗೆ ಕೆಲಸ ಆಗಲೇ ಇದೆ. ಕಾಲರ್ ಬೇಕೂಂತ ಮಡಚಿದ್ದು ಅಂದ್ಕೊಂಡಿದ್ದೆ. ಇವತ್ತು ಬೆಳಗ್ಗೆ ಬಂದ, ಇವತ್ತೂ ಒಂದು ಕಡೆ ಒಳಗೇ ಇತ್ತು.